ಗುಡ್‌ವಿಲ್ ಹಣ ಯಾರ ಖಾತೆಗೆ? ಹೊಸ ಪಾಲುದಾರರು ಸೇರುವಾಗಿನ ಲೆಕ್ಕ

ಪ್ರಶ್ನೆ: ನಾವಿಬ್ಬರು ಪಾಲುದಾರರು, ಲಾಭ ಹಂಚಿಕೆ 3:2, ಮೂರು ಪಾಲು ನನ್ನದು. ಈಗ ಮೂರನೆಯವರೊಬ್ಬರನ್ನು ಸೇರಿಸಿಕೊಳ್ಳುತ್ತಿದ್ದೇವೆ, ಮುಂದೆ 2:2:1. ಅವರು 1,60,000 ರೂ. ಬಂಡವಾಳ ತರುತ್ತಾರೆ. ಗುಡ್‌ವಿಲ್ ಬಾಬ್ತು 40,000ದಲ್ಲಿ ಸದ್ಯಕ್ಕೆ 20,000 ಮಾತ್ರ ಕೊಡುತ್ತಾರಂತೆ. ನಮ್ಮ ಲೆಕ್ಕ ಬರೆಯುವವರು ಆ 40,000ವನ್ನು ನಮ್ಮಿಬ್ಬರಿಗೂ 3:2ರಲ್ಲೇ ಹಂಚಿದ್ದಾರೆ. ಪುಸ್ತಕದಲ್ಲಿ ಹಳೇ ಗುಡ್‌ವಿಲ್ 50,000 ಹಾಗೇ ಇದೆ. ಕೊನೆಗೆ ಮೂವರ ಬಂಡವಾಳವೂ ಹೊಸ ಅನುಪಾತಕ್ಕೆ ಬರಬೇಕು ಅಂತ ಒಪ್ಪಂದ. ಇದೆಲ್ಲ ಸರಿಯಾಗಿದೆಯಾ? ಬ್ಯಾಲೆನ್ಸ್ ಶೀಟ್ ಮತ್ತು ಮೂರು ವರ್ಷದ ಲಾಭದ ವಿವರ ಜೊತೆಗಿಟ್ಟಿದ್ದೇನೆ.

ಉತ್ತರ: ಸರಿಯಾಗಿಲ್ಲ. ಆ 40,000 ಪೂರ್ತಿ ನಿಮ್ಮ ಖಾತೆಗೆ ಬರಬೇಕು, ನಿಮ್ಮ ಜೊತೆಗಾರರಿಗೆ ಅದರಲ್ಲಿ ಒಂದು ರೂಪಾಯಿಯೂ ಸೇರುವುದಿಲ್ಲ. ಹಳೆಯ 50,000 ಗುಡ್‌ವಿಲ್ ಅನ್ನು ಮಾತ್ರ 3:2ರಲ್ಲೇ ತೆಗೆದುಹಾಕಬೇಕು. ಒಂದಕ್ಕೆ ಒಂದು ಅನುಪಾತ, ಇನ್ನೊಂದಕ್ಕೆ ಇನ್ನೊಂದು ಯಾಕೆ ಅನ್ನುವುದು ತಿಳಿದರೆ ಉಳಿದ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೊಸಬರು ಗುಡ್‌ವಿಲ್ ಹಣ ಕೊಡುವುದು ಯಾತಕ್ಕೆ ಅಂತ ನೋಡಿ. ಸಂಸ್ಥೆ ಈಗಾಗಲೇ ಹೆಸರು ಮಾಡಿದೆ, ಗಿರಾಕಿಗಳಿದ್ದಾರೆ, ಲಾಭ ಬರುತ್ತಿದೆ. ಇವರು ಸೇರಿದ ದಿನದಿಂದ ಆ ಲಾಭದ ಐದನೇ ಒಂದು ಭಾಗ ಇವರ ಪಾಲು. ಆ ಭಾಗವನ್ನು ಯಾರೋ ಬಿಟ್ಟುಕೊಟ್ಟಿರಲೇಬೇಕಲ್ಲ? ಬಿಟ್ಟುಕೊಟ್ಟವರಿಗೆ ಸಿಗುವ ಪರಿಹಾರವೇ ಗುಡ್‌ವಿಲ್ ಹಣ. ಹಾಗಾಗಿ ಹಳೆಯ ಅನುಪಾತವಾಗಲೀ ಹೊಸ ಅನುಪಾತವಾಗಲೀ ಒಂಟಿಯಾಗಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅವೆರಡರ ನಡುವಿನ ವ್ಯತ್ಯಾಸ ಬೇಕು. ಪಠ್ಯಪುಸ್ತಕದಲ್ಲಿ ಇದಕ್ಕೇ ತ್ಯಾಗ ಅನುಪಾತ ಅನ್ನುವುದು.

ನಿಮ್ಮ ಹಳೆಯ ಪಾಲು 3/5, ಹೊಸದು 2/5. ನೀವು ಬಿಟ್ಟುಕೊಟ್ಟದ್ದು 1/5.
ನಿಮ್ಮ ಜೊತೆಗಾರರ ಹಳೆಯ ಪಾಲು 2/5, ಹೊಸದೂ 2/5. ಅವರು ಬಿಟ್ಟುಕೊಟ್ಟದ್ದು ಏನೂ ಇಲ್ಲ.

ಹೊಸಬರಿಗೆ ಸಿಕ್ಕ 1/5 ಇಡಿಯಾಗಿ ನಿಮ್ಮಿಂದಲೇ ಹೋಗಿದೆ, ಪರಿಹಾರವೂ ಇಡಿಯಾಗಿ ನಿಮಗೇ ಬರಬೇಕು. ಹಳೆಯ ಪಾಲುದಾರರು ತಮ್ಮ ಹಳೆಯ ಅನುಪಾತದಲ್ಲೇ ಪಾಲು ಬಿಟ್ಟುಕೊಟ್ಟರೆ ಮಾತ್ರ ತ್ಯಾಗ ಅನುಪಾತ ಮತ್ತು ಹಳೆಯ ಅನುಪಾತ ಒಂದೇ ಆಗುತ್ತವೆ. ಹೊಸಬರ ಪಾಲನ್ನಷ್ಟೇ ಹೇಳಿ ಬೇರೇನೂ ಹೇಳದ ಒಪ್ಪಂದಗಳಲ್ಲಿ ಹೀಗೇ ಅಂತ ಎಣಿಸುವುದು ವಾಡಿಕೆ. ಆ ವಾಡಿಕೆಯೇ ಕೈಗೆ ಕೂತುಬಿಟ್ಟು, ಹೊಸ ಅನುಪಾತ ಸ್ಪಷ್ಟವಾಗಿ ಬರೆದಿರುವಲ್ಲೂ 3:2 ಅಂತ ಬರೆದುಬಿಡುತ್ತಾರೆ.

ನಿಮ್ಮ ಲೆಕ್ಕ ಬರೆಯುವವರು ಒಪ್ಪದೇ ಹೋದರೆ ಅವರ ಮುಂದೆ ಇನ್ನೊಂದು ದಾರಿಯಲ್ಲಿ ಲೆಕ್ಕ ಮಾಡಿ ತೋರಿಸಿ. ಇಡೀ ಸಂಸ್ಥೆಯ ಗುಡ್‌ವಿಲ್ 2,00,000 ಅಂದುಕೊಳ್ಳಿ (ಹೊಸಬರ 1/5 ಪಾಲಿಗೆ 40,000 ಅಂದರೆ ಒಟ್ಟು ಅಷ್ಟೇ ತಾನೇ). ಅದನ್ನು ಕಾಗದದ ಮೇಲೆ ಪೂರ್ತಿ ಏರಿಸಿ ಹಳೆಯ ಇಬ್ಬರಿಗೆ 3:2ರಲ್ಲಿ ಕ್ರೆಡಿಟ್ ಕೊಡಿ. ನಿಮಗೆ 1,20,000, ಜೊತೆಗಾರರಿಗೆ 80,000 ಬರುತ್ತದೆ. ಮರುಕ್ಷಣವೇ ಅದನ್ನು ಮೂವರ ಮೇಲೆ 2:2:1ರಲ್ಲಿ ಡೆಬಿಟ್ ಮಾಡಿ ತೆಗೆದುಹಾಕಿ. ನಿಮಗೆ 80,000, ಜೊತೆಗಾರರಿಗೆ 80,000, ಹೊಸಬರಿಗೆ 40,000. ಈಗ ಎರಡನ್ನೂ ಕಳೆದು ನೋಡಿ: ನಿಮಗೆ ನಿವ್ವಳ 40,000 ಕ್ರೆಡಿಟ್, ಜೊತೆಗಾರರಿಗೆ ಸೊನ್ನೆ, ಹೊಸಬರಿಗೆ 40,000 ಡೆಬಿಟ್. ಉತ್ತರ ಅದೇ ಬಂತು. ನಿಮ್ಮ ಲೆಕ್ಕ ಬರೆಯುವವರ 3:2 ಎಲ್ಲಿಂದ ಬಂತು ಅನ್ನುವುದಕ್ಕೂ ಬಹುಶಃ ಇದೇ ವಿವರಣೆ. ಈ ವಿಧಾನದ ಮೊದಲ ಅರ್ಧ ಮಾತ್ರ ಅವರ ನೆನಪಿನಲ್ಲಿ ಉಳಿದಿರಬೇಕು.

ಇದನ್ನು ಕಾಗದದ ಮೇಲೆ ಅಂದದ್ದು ಬೇಕೆಂತಲೇ. ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಪುಸ್ತಕದಲ್ಲಿ ಆಸ್ತಿಯಾಗಿ ತೋರಿಸುವಂತಿಲ್ಲ ಎಂದು ಲೆಕ್ಕಪತ್ರ ಮಾನದಂಡ 26 ಹೇಳುತ್ತದೆ. ಹಣ ಕೊಟ್ಟು ಕೊಂಡ ಗುಡ್‌ವಿಲ್‌ಗೆ ಮಾತ್ರ ಆ ಜಾಗ. ಆದ್ದರಿಂದ 2,00,000ದ ಗುಡ್‌ವಿಲ್ ಖಾತೆ ತೆರೆಯುವ ಬದಲು, ನಿವ್ವಳ ಮೊತ್ತವನ್ನು ನೇರವಾಗಿ ಪಾಲುದಾರರ ಖಾತೆಗಳ ನಡುವೆಯೇ ಹೊಂದಿಸುತ್ತೇವೆ.

ಹೊಸಬರು ಅರ್ಧವೇ ನಗದು ತಂದರೂ ನಿಮಗೆ ಪೂರ್ತಿ 40,000 ಕ್ರೆಡಿಟ್ ಆಗಬೇಕು. ಮಿಕ್ಕ 20,000 ಅವರ ಮೇಲಿನ ಬಾಕಿ. ನಮೂದುಗಳು ಹೀಗೆ ಬರುತ್ತವೆ.

ಬ್ಯಾಂಕ್ ಖಾತೆ ಡೆಬಿಟ್ 1,80,000
ಹೊಸಬರ ಬಂಡವಾಳ ಖಾತೆ ಕ್ರೆಡಿಟ್ 1,60,000
ಗುಡ್‌ವಿಲ್ ಪ್ರೀಮಿಯಂ ಖಾತೆ ಕ್ರೆಡಿಟ್ 20,000

ಗುಡ್‌ವಿಲ್ ಪ್ರೀಮಿಯಂ ಖಾತೆ ಡೆಬಿಟ್ 20,000
ಹೊಸಬರ ಚಾಲ್ತಿ ಖಾತೆ ಡೆಬಿಟ್ 20,000
ನಿಮ್ಮ ಬಂಡವಾಳ ಖಾತೆ ಕ್ರೆಡಿಟ್ 40,000

ತರದ 20,000ವನ್ನು ಹೊಸಬರ ಬಂಡವಾಳ ಖಾತೆಗೆ ಡೆಬಿಟ್ ಮಾಡುವವರೂ ಇದ್ದಾರೆ. ನಿಮ್ಮ ಸಂದರ್ಭದಲ್ಲಿ ಅದು ಬೇಡ. ಹಾಗೆ ಮಾಡಿದರೆ ಅವರ ಬಂಡವಾಳ 1,40,000ಕ್ಕೆ ಇಳಿಯುತ್ತದೆ. ಮುಂದೆ ನಿಮ್ಮಿಬ್ಬರ ಬಂಡವಾಳವನ್ನು ಅವರ ಬಂಡವಾಳದ ಆಧಾರದ ಮೇಲೆ ಹೊಂದಿಸಬೇಕಾಗಿರುವುದರಿಂದ ಆ ಒಂದು ನಮೂದು ಮೂವರ ಅಂಕಿಗಳನ್ನೂ ಕೆಡಿಸುತ್ತದೆ. ಚಾಲ್ತಿ ಖಾತೆಯಲ್ಲಿ ಬಾಕಿ ಬಾಕಿಯಾಗಿಯೇ ಕಾಣುತ್ತದೆ, ಬಂಡವಾಳ ಒಪ್ಪಿದಷ್ಟೇ ಇರುತ್ತದೆ.

ಇನ್ನು 2,00,000 ಅನ್ನುವ ಅಂಕಿ. ನೀವು ಕಳಿಸಿದ ವಿವರದ ಪ್ರಕಾರ ಮೂರು ವರ್ಷದ ಲಾಭ 90,000, 1,30,000 ಮತ್ತು 1,00,000. ಎರಡನೇ ವರ್ಷದ ಲಾಭದಲ್ಲಿ ಹಳೇ ಯಂತ್ರ ಮಾರಿ ಬಂದ 20,000 ಸೇರಿದೆ. ಅದು ಪ್ರತಿ ವರ್ಷ ಬರುವ ಲಾಭವಲ್ಲ, ಹಾಗಾಗಿ ತೆಗೆಯಬೇಕು. ಉಳಿದದ್ದು ಒಟ್ಟು 3,00,000, ಸರಾಸರಿ 1,00,000, ಅದರ ಎರಡು ಪಟ್ಟು 2,00,000. ನೀವು ಈ ಭಾಗವನ್ನು ಸರಿಯಾಗಿಯೇ ಮಾಡಿದ್ದೀರಿ. ಯಂತ್ರ ಮಾರಿದ ಲಾಭವನ್ನು ತೆಗೆಯದೇ ಹೋಗಿದ್ದರೆ ಹೊಸಬರು ಸುಮಾರು 2,667 ರೂ. ಹೆಚ್ಚಿಗೆ ಕೊಡಬೇಕಾಗುತ್ತಿತ್ತು. ಎಷ್ಟು ವರ್ಷದ ಸರಾಸರಿ, ಎಷ್ಟು ಪಟ್ಟು ಅನ್ನುವುದಕ್ಕೆ ನಿಯಮವಿಲ್ಲ, ನೀವು ಮೂವರು ಒಪ್ಪಿದ್ದೇ ನಿಯಮ.

ಈಗ ಹಳೆಯ 50,000ಕ್ಕೆ ಬರೋಣ. 2,00,000 ಎಂದು ನೀವು ಕಟ್ಟಿದ ಬೆಲೆಯಲ್ಲಿ ಸಂಸ್ಥೆಯ ಹೆಸರಿನ ಬೆಲೆ ಪೂರ್ತಿಯಾಗಿ ಬಂದಾಯಿತು. ಪುಸ್ತಕದಲ್ಲಿ ಕೂತಿರುವ 50,000ವೂ ಅದೇ ಹೆಸರಿನ ಬೆಲೆಯೇ. ಅದನ್ನು ಹಾಗೇ ಬಿಟ್ಟರೆ ಹೊಸಬರು ಒಂದೇ ವಸ್ತುವಿಗೆ ಎರಡು ಸಲ ತೆತ್ತಂತಾಗುತ್ತದೆ. ಮುಂದೊಂದು ದಿನ ಅದನ್ನು ತೆಗೆದುಹಾಕುವಾಗ 2:2:1ರಲ್ಲಿ ಹಂಚಿಹೋಗುತ್ತದೆ, ಅವರ ತಲೆಯ ಮೇಲೆ 10,000 ಬೀಳುತ್ತದೆ. ಅವರು ಬರುವ ಮೊದಲಿನ ಅಂಕಿ ಅದು. ಆದ್ದರಿಂದ ಅವರು ಸೇರುವ ಮುನ್ನವೇ ನಿಮ್ಮಿಬ್ಬರಲ್ಲಿ 3:2ರಂತೆ 30,000 ಮತ್ತು 20,000 ಡೆಬಿಟ್ ಮಾಡಿ, ಗುಡ್‌ವಿಲ್ ಖಾತೆಗೆ 50,000 ಕ್ರೆಡಿಟ್ ಮಾಡಿ ಮುಚ್ಚಿಬಿಡಿ.

ಇದೇ ತರ್ಕ ಸಾಮಾನ್ಯ ಮೀಸಲಿಗೂ ಆಸ್ತಿಗಳ ಪುನರ್‌ಮೌಲ್ಯಮಾಪನಕ್ಕೂ ಅನ್ವಯಿಸುತ್ತದೆ. ಇವೆಲ್ಲ ಈವರೆಗೆ ಆಗಿಹೋದ ವ್ಯವಹಾರದ ಫಲ. ಆಗ ಇದ್ದವರು ನೀವಿಬ್ಬರೇ, ಅನುಪಾತ 3:2. ನಿಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಸಾಮಾನ್ಯ ಮೀಸಲು 60,000 ಇದೆ. ಕಟ್ಟಡದ ಬೆಲೆ 60,000 ಏರಿದೆ, ಯಂತ್ರದ್ದು 15,000 ಇಳಿದಿದೆ, ವಸೂಲಾಗುವುದು ಅನುಮಾನವಿರುವ ಬಾಕಿಗೆ 5,000 ಎತ್ತಿಡಬೇಕು ಅಂತ ಬರೆದಿದ್ದೀರಿ. ಪುನರ್‌ಮೌಲ್ಯಮಾಪನ ಖಾತೆಯಲ್ಲಿ ಇವೆಲ್ಲ ಕಳೆದು ನಿವ್ವಳ ಲಾಭ 40,000. ಹಂಚಿದರೆ ನಿಮ್ಮ ಖಾತೆ ಹೀಗೆ ಬೆಳೆಯುತ್ತದೆ: ಮೊದಲಿನ 3,00,000ಕ್ಕೆ ಮೀಸಲಿನಿಂದ 36,000, ಪುನರ್‌ಮೌಲ್ಯಮಾಪನದಿಂದ 24,000 ಸೇರಿ, ಹಳೇ ಗುಡ್‌ವಿಲ್ 30,000 ಕಳೆದು 3,30,000. ಜೊತೆಗಾರರದ್ದು 2,20,000ಕ್ಕೆ 24,000 ಮತ್ತು 16,000 ಸೇರಿ, 20,000 ಕಳೆದು 2,40,000. ಇದಾದ ಮೇಲೆ ಗುಡ್‌ವಿಲ್ ಪರಿಹಾರದ 40,000 ಸೇರಿದರೆ ನಿಮ್ಮದು 3,70,000 ಆಗುತ್ತದೆ. ಅವರದ್ದು 2,40,000ದಲ್ಲೇ ನಿಲ್ಲುತ್ತದೆ.

ಹೊಸಬರು ವರ್ಷದ ನಡುವೆ ಸೇರುವುದಾದರೆ ಒಂದು ಕೆಲಸ ಹೆಚ್ಚು. ಸೇರುವ ದಿನದವರೆಗಿನ ಲಾಭವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ 3:2ರಲ್ಲಿ ಹಂಚಿ, ಆಮೇಲೆ ಮೇಲಿನ ಹೊಂದಾಣಿಕೆಗೆ ಕೈಹಾಕಿ.

ಈಗ ಬಂಡವಾಳವನ್ನು ಹೊಸ ಅನುಪಾತಕ್ಕೆ ತರುವ ಕೆಲಸ. ಇಲ್ಲಿ ಮಾತ್ರ 2:2:1 ಬೇಕು. ಹೊಸಬರ 1,60,000 ಅನ್ನುವುದು 1/5 ಪಾಲಿನ ಬಂಡವಾಳ. ಹಾಗಾದರೆ ಸಂಸ್ಥೆಯ ಒಟ್ಟು ಬಂಡವಾಳ 8,00,000, ನಿಮ್ಮಿಬ್ಬರದು ತಲಾ 3,20,000 ಇರಬೇಕು. ನಿಮ್ಮಲ್ಲಿ 50,000 ಹೆಚ್ಚಿದೆ, ಅದನ್ನು ತೆಗೆದುಕೊಳ್ಳಬಹುದು. ಜೊತೆಗಾರರಲ್ಲಿ 80,000 ಕೊರತೆ ಇದೆ, ಅದನ್ನು ಅವರು ತರಬೇಕು.

ಲೆಕ್ಕ ಬರೆಯುವವರ 3:2 ಹಂಚಿಕೆ ಉಳಿದಿದ್ದರೆ ಏನಾಗುತ್ತಿತ್ತು ನೋಡಿ. ನಿಮ್ಮ ಖಾತೆಗೆ ಗುಡ್‌ವಿಲ್‌ನಲ್ಲಿ 24,000 ಮಾತ್ರ ಸೇರಿ 3,54,000, ಜೊತೆಗಾರರಿಗೆ 16,000 ಸೇರಿ 2,56,000 ಆಗುತ್ತಿತ್ತು. ನೀವು 34,000 ಮಾತ್ರ ತೆಗೆದುಕೊಳ್ಳುತ್ತಿದ್ದಿರಿ, ಅವರು 64,000 ಮಾತ್ರ ತರುತ್ತಿದ್ದರು. ಆಮೇಲೆ ಇಬ್ಬರ ಬಂಡವಾಳವೂ 3,20,000 ಎಂದು ಚೆಂದವಾಗಿ ಕಾಣುತ್ತಿತ್ತು, ಬ್ಯಾಲೆನ್ಸ್ ಶೀಟಿನ ಎರಡೂ ಬದಿ ತಾಳೆಯಾಗುತ್ತಿತ್ತು. ತಪ್ಪಿನ ಗುರುತೇ ಉಳಿಯುತ್ತಿರಲಿಲ್ಲ. ನಿಮ್ಮ 16,000 ನಗದು ಮಾತ್ರ ಜೊತೆಗಾರರ ಜೇಬಿನಲ್ಲಿ ಉಳಿದಿರುತ್ತಿತ್ತು. ಬಂಡವಾಳ ಹೊಂದಿಸುವ ಒಪ್ಪಂದ ಇರುವಲ್ಲಿ ಗುಡ್‌ವಿಲ್ ತಪ್ಪು ಹಿಡಿಯುವುದು ಕಷ್ಟವಾಗುವುದು ಇದಕ್ಕೇ. ಕೊನೆಯ ಬ್ಯಾಲೆನ್ಸ್ ಶೀಟ್ ನೋಡಿ ಪ್ರಯೋಜನವಿಲ್ಲ, ಹೊಂದಿಸುವ ಮುಂಚಿನ ಬಂಡವಾಳ ಖಾತೆಗಳನ್ನು ತರಿಸಿ ಸಾಲು ಸಾಲಾಗಿ ನೋಡಬೇಕು.

ನಗದಿನಲ್ಲೇ ಚುಕ್ತಾ ಮಾಡಿದಿರಿ ಅಂದುಕೊಂಡರೆ ಬ್ಯಾಂಕಿನ ಲೆಕ್ಕ ಇಷ್ಟು: ಮೊದಲಿದ್ದ 60,000ಕ್ಕೆ ಹೊಸಬರ 1,80,000 ಮತ್ತು ಜೊತೆಗಾರರ 80,000 ಸೇರಿ, ನೀವು ತೆಗೆದುಕೊಂಡ 50,000 ಕಳೆದು 2,70,000. ಆಸ್ತಿ ಬದಿಯಲ್ಲಿ ಕಟ್ಟಡ 3,10,000, ಯಂತ್ರ 1,35,000, ದಾಸ್ತಾನು 1,00,000, ಬರಬೇಕಾದ ಬಾಕಿ 85,000, ಬ್ಯಾಂಕ್ 2,70,000, ಮತ್ತು ಹೊಸಬರ ಚಾಲ್ತಿ ಖಾತೆಯ ಬಾಕಿ 20,000, ಒಟ್ಟು 9,20,000. ಎದುರು ಬದಿಯಲ್ಲಿ ಸಾಲಿಗರಿಗೆ ಕೊಡಬೇಕಾದದ್ದು 1,20,000 ಮತ್ತು ಮೂವರ ಬಂಡವಾಳ 8,00,000. ತಾಳೆಯಾಯಿತು. ಗುಡ್‌ವಿಲ್ ಅನ್ನುವ ಹೆಸರು ಎಲ್ಲೂ ಇಲ್ಲ ಅನ್ನುವುದನ್ನು ಗಮನಿಸಿ, ಇರಲೂಬಾರದು.

ಒಪ್ಪಂದಪತ್ರದಲ್ಲಿ ಒಂದು ಮಾತನ್ನು ಇನ್ನಷ್ಟು ಬಿಡಿಸಿ ಬರೆಸಿ. 'ಬಂಡವಾಳ ಹೊಸ ಅನುಪಾತದಲ್ಲಿ ಇರತಕ್ಕದ್ದು' ಅಂತಷ್ಟೇ ಇದ್ದರೆ ಯಾವುದನ್ನು ಆಧಾರವಾಗಿ ಹಿಡಿಯಬೇಕು ಅನ್ನುವುದು ತಿಳಿಯುವುದಿಲ್ಲ. ನಾನು ಮೇಲೆ ಹೊಸಬರ ಬಂಡವಾಳವನ್ನು ಹಿಡಿದೆ. ಅದರ ಬದಲು ನಿಮ್ಮಿಬ್ಬರ ಹೊಂದಿಸಿದ ಬಂಡವಾಳ 3,70,000 ಮತ್ತು 2,40,000, ಒಟ್ಟು 6,10,000ವನ್ನು 4/5 ಭಾಗ ಎಂದು ಹಿಡಿದರೆ ಇಡೀ ಬಂಡವಾಳ 7,62,500 ಆಗುತ್ತದೆ, ಹೊಸಬರು ತರಬೇಕಾದದ್ದು 1,52,500 ಮಾತ್ರ. ನೀವು 1,60,000 ಅಂತ ಮೊದಲೇ ಗೊತ್ತುಮಾಡಿಕೊಂಡಿರುವುದರಿಂದ ಮೊದಲ ದಾರಿಯೇ ನಿಮ್ಮದು, ಆದರೆ ಅದನ್ನು ಬರಹದಲ್ಲಿ ಇಟ್ಟುಕೊಳ್ಳಿ. ಎರಡನೇ ದಾರಿ ಹಿಡಿಯುವವರು ಎಡವುವ ಜಾಗ ಒಂದೇ: ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವ 3,00,000 ಮತ್ತು 2,20,000ವನ್ನೇ ತೆಗೆದುಕೊಂಡುಬಿಡುತ್ತಾರೆ. ಮೀಸಲು, ಪುನರ್‌ಮೌಲ್ಯಮಾಪನ, ಗುಡ್‌ವಿಲ್ ಎಲ್ಲ ಮುಗಿದ ಮೇಲಿನ ಅಂಕಿಯೇ ಬೇಕು.

ಒಂದು ಅಡ್ಡದಾರಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಯಾರಾದರೂ ನಿಮಗೆ ಸೂಚಿಸಿಯಾರು. ಹೊಸಬರ 1,60,000ವನ್ನು ಐದರಿಂದ ಗುಣಿಸಿದರೆ 8,00,000. ನಿಮ್ಮಿಬ್ಬರ 3,30,000 ಮತ್ತು 2,40,000ಕ್ಕೆ ಅವರ 1,60,000 ಸೇರಿಸಿದರೆ 7,30,000. ವ್ಯತ್ಯಾಸ 70,000, ಇದೇ ಅಡಗಿರುವ ಗುಡ್‌ವಿಲ್, ಹೊಸಬರ ಪಾಲಿಗೆ 14,000 ಸಾಕು ಅನ್ನುವ ವಾದ. ಗುಡ್‌ವಿಲ್ ಬೆಲೆಯ ಬಗ್ಗೆ ಒಪ್ಪಂದ ಬಾಯಿಬಿಡದಿದ್ದಾಗ ಮಾತ್ರ ಈ ಲೆಕ್ಕಕ್ಕೆ ಅರ್ಥ. ನೀವು ಲಾಭದ ಆಧಾರದ ಮೇಲೆ ಬೆಲೆ ಕಟ್ಟಿ ಒಪ್ಪಿಕೊಂಡಾಗಿದೆ. ಆಮೇಲೆ ಇದನ್ನು ಎತ್ತಿದರೆ ನಿಮಗೆ ಬರಬೇಕಾದ ಪರಿಹಾರ 26,000 ಕಡಿಮೆಯಾಗುತ್ತದೆ, ಬೇರೇನೂ ಆಗುವುದಿಲ್ಲ.

ನಿಮ್ಮ ಜೊತೆಗಾರರಿಗೆ ಇದು ಅನ್ಯಾಯ ಅನ್ನಿಸಬಹುದು. ಅವರ ಮುಂದೆ ಇನ್ನೊಂದು ಸನ್ನಿವೇಶ ಇಡಿ. ಹೊಸ ಅನುಪಾತ 3:5:2 ಆಗಿದ್ದರೆ ಅವರ ಪಾಲು ನಾಲ್ಕು ಹತ್ತನೇ ಭಾಗದಿಂದ ಐದು ಹತ್ತನೇ ಭಾಗಕ್ಕೆ ಏರುತ್ತಿತ್ತು. ಆಗ ಹಳೆಯ ಪಾಲುದಾರರಾಗಿದ್ದೂ ಅವರು ಪಡೆಯುವ ಬದಿಗೆ ಸೇರುತ್ತಿದ್ದರು. ಏರಿದ 1/10 ಭಾಗಕ್ಕೆ 20,000 ಅವರ ಬಂಡವಾಳ ಖಾತೆಗೆ ಡೆಬಿಟ್, ಹೊಸಬರ ಬಾಬ್ತು 40,000, ಎರಡೂ ಸೇರಿ 60,000 ನಿಮಗೆ ಕ್ರೆಡಿಟ್. ಪಾಲು ಹೆಚ್ಚಿದವರು ಕೊಡಬೇಕು, ಕಡಿಮೆಯಾದವರು ಪಡೆಯಬೇಕು, ಬದಲಾಗದವರು ಈ ನಮೂದಿನಿಂದ ಹೊರಗೆ. ಹಳಬರೋ ಹೊಸಬರೋ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

ಜೊತೆಗಾರರಿಗೆ ಒಮ್ಮೆಲೇ 80,000 ತರುವುದು ಆಗದಿದ್ದರೆ ಚಾಲ್ತಿ ಖಾತೆಗಳ ಮೂಲಕವೂ ಹೊಂದಿಸಬಹುದು. ಅವರ ಚಾಲ್ತಿ ಖಾತೆಗೆ 80,000 ಡೆಬಿಟ್ ಮಾಡಿ ಬಂಡವಾಳಕ್ಕೆ ಕ್ರೆಡಿಟ್ ಮಾಡಿ. ನಿಮ್ಮ ಬಂಡವಾಳದಿಂದ 50,000 ಡೆಬಿಟ್ ಮಾಡಿ ನಿಮ್ಮ ಚಾಲ್ತಿ ಖಾತೆಗೆ ಕ್ರೆಡಿಟ್ ಮಾಡಿ. ಆಗ ಬ್ಯಾಂಕಿನಲ್ಲಿ 2,40,000 ಇರುತ್ತದೆ, ನಿಮಗೆ ಸಂಸ್ಥೆಯಿಂದ 50,000 ಬರಬೇಕು, ಅವರು ಸಂಸ್ಥೆಗೆ 80,000 ಕೊಡಬೇಕು. ಆದರೆ ಬಂಡವಾಳದ ಮೇಲೆ ಬಡ್ಡಿ ಕೊಡುವ ಕರಾರು ನಿಮ್ಮಲ್ಲಿದ್ದರೆ ಹುಷಾರು. ತಾವು ತರದ 80,000 ಸೇರಿದ 3,20,000ದ ಮೇಲೆ ಅವರಿಗೆ ಬಡ್ಡಿ ಸಿಗುತ್ತದೆ, ನೀವು ಸಂಸ್ಥೆಯಲ್ಲೇ ಬಿಟ್ಟ 50,000ಕ್ಕೆ ನಿಮಗೆ ಏನೂ ಸಿಗುವುದಿಲ್ಲ. ಚಾಲ್ತಿ ಖಾತೆಯ ಡೆಬಿಟ್ ಬಾಕಿಗೆ ಬಡ್ಡಿ ವಸೂಲು ಮಾಡಬೇಕು, ಕ್ರೆಡಿಟ್ ಬಾಕಿಗೆ ಬಡ್ಡಿ ಕೊಡಬೇಕು ಎಂದು ಬಂಡವಾಳದ ದರದಲ್ಲೇ ಬರೆಸಿಕೊಂಡರೆ ಈ ಏರುಪೇರು ಇರುವುದಿಲ್ಲ. ಹೊಸಬರ 20,000 ಬಾಕಿಗೂ ಅದೇ ಷರತ್ತು ಅನ್ವಯಿಸಲಿ, ಜೊತೆಗೆ ಅದನ್ನು ಯಾವ ದಿನದೊಳಗೆ ತೀರಿಸಬೇಕು ಅನ್ನುವುದನ್ನೂ ಸೇರಿಸಿ. ಅವರು ಅದನ್ನು ತಂದ ದಿನ ಬ್ಯಾಂಕ್ ಖಾತೆಗೆ ಡೆಬಿಟ್, ಅವರ ಚಾಲ್ತಿ ಖಾತೆಗೆ ಕ್ರೆಡಿಟ್, ಅಷ್ಟೇ. ಆ ದಿನ ನಿಮ್ಮ ಖಾತೆಯನ್ನು ಮತ್ತೆ ಮುಟ್ಟುವಂತಿಲ್ಲ, ನಿಮ್ಮ 40,000 ಆಗಲೇ ಸೇರಿಬಿಟ್ಟಿದೆ.